ಸಿಗ್ನಲ್ ಕಡಿದ ಮೇಲೂ ದಾರಿ ತಪ್ಪದಿರಲಿ

ಕಳಸ ದಾಟಿ, ಸಂಸೆಯನ್ನು ಹಿಂದೆ ಬಿಟ್ಟು ಕುದುರೆಮುಖದ ಕಡೆ ಹೊರಟವರಿಗೆ ಮೊಬೈಲಿನ ಸಿಗ್ನಲ್ ಗೀಟುಗಳು ಒಂದೊಂದಾಗಿ ಇಳಿಯುವುದು ಹೊಸತಲ್ಲ. ಮುಂದೆ ಕಾಡು. ಕಾಡಿನ ನಡುವೆ ಎಸ್.ಕೆ. ಬಾರ್ಡರ್ ಎಂಬ ಜಾಗದಲ್ಲಿ ರಸ್ತೆ ಕವಲೊಡೆಯುತ್ತದೆ. ಒಂದು ಕವಲು ಮಾಳದ ಕಡೆ ಘಟ್ಟ ಇಳಿದು ಕಾರ್ಕಳ ಸೇರುತ್ತದೆ, ಇನ್ನೊಂದು ಕೆರೆಕಟ್ಟೆಯ ಮೂಲಕ ಶೃಂಗೇರಿಗೆ ಹೋಗುತ್ತದೆ. ಮಳೆ, ಮಂಜು ಕವಿದ ದಿನ ಶೃಂಗೇರಿಗೆ ಹೋಗಬೇಕಾದವರು ತಪ್ಪು ಕವಲು ಹಿಡಿದರೆ, ಅದು ಗೊತ್ತಾಗುವ ಹೊತ್ತಿಗೆ ಅರ್ಧ ಘಟ್ಟ ಇಳಿದಿರುತ್ತಾರೆ. ಅಲ್ಲಿ ಮೊಬೈಲ್ ತೆಗೆದು ನೋಡಿದರೆ ಪರದೆಯ ಮೇಲೆ ನೀಲಿ ಚುಕ್ಕೆಯೇನೋ ಕಾಣುತ್ತದೆ, ಆದರೆ ಅದರ ಸುತ್ತ ರಸ್ತೆಯೂ ಇಲ್ಲ, ಊರಿನ ಹೆಸರೂ ಇಲ್ಲ, ಬರಿ ಬೂದು ಬಣ್ಣ.

ಈ ಬೂದು ಪರದೆಯನ್ನು ಕಂಡವರು ‘ಜಿಪಿಎಸ್ ಹೋಯಿತು’ ಎನ್ನುತ್ತಾರೆ. ಹೋಗಿರುವುದು ಜಿಪಿಎಸ್ ಅಲ್ಲ, ನಕ್ಷೆ. ಮೊಬೈಲ್ ದಾರಿ ತೋರಿಸುವಾಗ ಮೂರು ಬೇರೆ ಬೇರೆ ಕೆಲಸ ನಡೆಯುತ್ತಿರುತ್ತದೆ: ನಾವು ಎಲ್ಲಿದ್ದೇವೆ ಎಂದು ಕಂಡುಹಿಡಿಯುವುದು, ಆ ಜಾಗದ ಸುತ್ತಲಿನ ನಕ್ಷೆಯನ್ನು ತೋರಿಸುವುದು, ಮತ್ತು ಅಲ್ಲಿಂದ ಗುರಿಯವರೆಗೆ ದಾರಿ ಲೆಕ್ಕ ಹಾಕುವುದು. ಮೊದಲನೆಯದಕ್ಕೆ ನೆಟ್‌ವರ್ಕ್ ಬೇಕಿಲ್ಲ. ಉಳಿದ ಎರಡಕ್ಕೆ ಬೇಕಾದ ಮಾಹಿತಿಯನ್ನು ಮನೆಯಲ್ಲಿದ್ದಾಗಲೇ ಮೊಬೈಲಿಗೆ ಇಳಿಸಿಕೊಂಡಿದ್ದರೆ ಅವಕ್ಕೂ ಬೇಕಿಲ್ಲ. ಆಫ್‌ಲೈನ್ ಮ್ಯಾಪ್ ಎಂದರೆ ಇಷ್ಟೇ.

ಉಪಗ್ರಹಕ್ಕೆ ಟವರ್ ಬೇಡ

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿವೆ. ಅವು ಎಡೆಬಿಡದೆ ಸಂಕೇತ ಕಳುಹಿಸುತ್ತಿರುತ್ತವೆ, ನಮ್ಮ ಮೊಬೈಲ್ ಅದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೇ. ರೇಡಿಯೊ ಹಚ್ಚಿದವರು ಯಾರೆಂದು ಆಕಾಶವಾಣಿಗೆ ಗೊತ್ತಾಗದ ಹಾಗೆ, ಯಾವ ಮೊಬೈಲ್ ಕೇಳುತ್ತಿದೆ ಎಂದು ಉಪಗ್ರಹಕ್ಕೂ ಗೊತ್ತಾಗುವುದಿಲ್ಲ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸರಿಯಾಗಿ ಸಿಕ್ಕಿದರೆ ಮೊಬೈಲ್ ತಾನಿರುವ ಜಾಗವನ್ನು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಅದಕ್ಕೆ ಸಿಮ್ ಕೂಡ ಬೇಡ.

ಹಾಗಿದ್ದರೂ ನೆಟ್‌ವರ್ಕ್ ಒಂದು ಸಹಾಯ ಮಾಡುತ್ತದೆ. ಪ್ರತಿ ಉಪಗ್ರಹವೂ ‘ನಾನು ಈ ಹೊತ್ತಿಗೆ ಇಂಥ ಜಾಗದಲ್ಲಿರುತ್ತೇನೆ’ ಎಂಬ ತನ್ನ ಪಥದ ವಿವರವನ್ನು ಪ್ರಸಾರ ಮಾಡುತ್ತಿರುತ್ತದೆ. ಆ ಪ್ರಸಾರ ಬಹಳ ನಿಧಾನ, ಸೆಕೆಂಡಿಗೆ ಬರಿ 50 ಬಿಟ್. ಒಂದು ಉಪಗ್ರಹದ ವಿವರ ಪೂರ್ತಿ ಕೇಳಿಸಿಕೊಳ್ಳಲು ಸುಮಾರು ಅರ್ಧ ನಿಮಿಷ ಬೇಕು. ಇಂಟರ್‌ನೆಟ್ ಇದ್ದರೆ ಮೊಬೈಲ್ ಈ ವಿವರವನ್ನು ಕ್ಷಣದಲ್ಲಿ ಅಲ್ಲಿಂದ ತರಿಸಿಕೊಳ್ಳುತ್ತದೆ. ಊರಿನಲ್ಲಿ ಮ್ಯಾಪ್ ತೆರೆದ ಕೂಡಲೇ ಚುಕ್ಕೆ ಮೂಡುವುದು ಇದರಿಂದಲೇ. ನೆಟ್‌ವರ್ಕ್ ಇಲ್ಲದ ಕಡೆ ಮೊಬೈಲನ್ನು ಹೊಸದಾಗಿ ಆನ್ ಮಾಡಿದರೆ ಅದು ಆಕಾಶದಿಂದಲೇ ಎಲ್ಲವನ್ನೂ ಕೇಳಿಸಿಕೊಳ್ಳಬೇಕು. ಮೇಲೆ ಮರಗಳ ಚಪ್ಪರ, ಪಕ್ಕದಲ್ಲಿ ಗುಡ್ಡ, ಗಾಡಿ ಓಡುತ್ತಲೇ ಇದೆ ಎಂದಾದರೆ ಸಂಕೇತ ನಡುನಡುವೆ ಕಡಿಯುತ್ತದೆ, ಕೇಳಿಸಿಕೊಳ್ಳುವ ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆಗ ಚುಕ್ಕೆ ಬರಲು ನಿಮಿಷಗಟ್ಟಲೆ ಹಿಡಿಯಬಹುದು.

ಆದ್ದರಿಂದ ಸಿಗ್ನಲ್ ಇರುವ ಕೊನೆಯ ಪೇಟೆಯಲ್ಲೇ ಮ್ಯಾಪ್ ತೆರೆದು, ಚುಕ್ಕೆ ಸರಿಯಾದ ರಸ್ತೆಯ ಮೇಲೆ ಕುಳಿತಿದೆಯೇ ಎಂದು ನೋಡಿಕೊಂಡು ಹೊರಡುವುದು ಒಳ್ಳೆಯದು. ಒಮ್ಮೆ ಪಡೆದ ಉಪಗ್ರಹ ವಿವರ ಕೆಲವು ಗಂಟೆ ಉಪಯೋಗಕ್ಕೆ ಬರುತ್ತದೆ. ಕಾಡಿನ ನಡುವೆ ಮೊಬೈಲ್ ಆಫ್ ಆಗಿ ಮತ್ತೆ ಆನ್ ಮಾಡಬೇಕಾಗಿ ಬಂದರೆ, ಆಕಾಶ ಕಾಣುವ ಬಯಲು ಜಾಗದಲ್ಲಿ ಗಾಡಿ ನಿಲ್ಲಿಸಿ ಎರಡು ಮೂರು ನಿಮಿಷ ಕಾಯುವುದೇ ಬೇಗ ಮುಗಿಯುವ ಹಾದಿ.

ಹೊರಡುವಾಗ ಹಾಕಿದ ದಾರಿ ಸಾಲದು

ಅನೇಕರು ಬೆಂಗಳೂರಿನಲ್ಲೇ ಗುರಿ ಹಾಕಿಕೊಂಡು ಹೊರಡುತ್ತಾರೆ. ಸಿಗ್ನಲ್ ಹೋದ ಮೇಲೂ ಮ್ಯಾಪ್ ‘ಎಡಕ್ಕೆ ತಿರುಗಿ’ ಎನ್ನುತ್ತಲೇ ಇರುತ್ತದೆ. ಹಾಗಾಗಿ ಬೇರೆ ಸಿದ್ಧತೆ ಯಾಕೆ ಎನಿಸುವುದು ಸಹಜ. ಇದು ನಡೆಯುವುದು ಆ ಒಂದು ದಾರಿಯ ವಿವರವನ್ನು ಆ್ಯಪ್ ತಾತ್ಕಾಲಿಕವಾಗಿ ಇಟ್ಟುಕೊಂಡಿರುವುದರಿಂದ. ನೀವು ಅದೇ ದಾರಿಯಲ್ಲಿರುವಷ್ಟು ಹೊತ್ತು ಏನೂ ತೊಂದರೆಯಿಲ್ಲ. ಊಟಕ್ಕೆಂದು ಪಕ್ಕದ ರಸ್ತೆಗೆ ಹೊರಳಿದರೆ, ತಿರುವು ತಪ್ಪಿದರೆ, ಫೋಟೊ ತೆಗೆಯುವಾಗ ಆ್ಯಪ್ ಮುಚ್ಚಿಹೋದರೆ, ಅದು ಹೊಸ ದಾರಿಗಾಗಿ ಸರ್ವರ್ ಕಡೆ ನೋಡುತ್ತದೆ. ಸರ್ವರ್ ಸಿಗುವುದಿಲ್ಲ. ದಾರಿ ತಪ್ಪಿದಾಗ ಬೇಕಾಗುವ ಸಹಾಯ ಸರಿಯಾಗಿ ದಾರಿ ತಪ್ಪಿದಾಗಲೇ ಇಲ್ಲವಾಗುತ್ತದೆ.

ಪ್ರದೇಶವನ್ನೇ ಇಳಿಸಿಕೊಂಡಿದ್ದರೆ ಹೀಗಾಗದು. ಆ ಕಡತದಲ್ಲಿ ರಸ್ತೆಗಳ ಗೆರೆಗಳಷ್ಟೇ ಅಲ್ಲ, ಯಾವ ರಸ್ತೆ ಯಾವುದಕ್ಕೆ ಕೂಡುತ್ತದೆ ಎಂಬ ಲೆಕ್ಕವೂ ಇರುತ್ತದೆ. ಹೊಸ ದಾರಿಯನ್ನು ಮೊಬೈಲ್ ತಾನೇ ಹುಡುಕಿಕೊಳ್ಳುತ್ತದೆ.

ಒಂದು ಪ್ರವಾಸಕ್ಕೆ ಸಿದ್ಧತೆ

ಬೆಂಗಳೂರಿನ ಒಂದು ಕುಟುಂಬ ಕಾರಿನಲ್ಲಿ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ, ಕಳಸ, ಕುದುರೆಮುಖ, ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ, ಹೊಸನಗರದ ಮೂಲಕ ಸಾಗರಕ್ಕೆ, ಅಲ್ಲಿಂದ ಸಿಗಂದೂರಿಗೆ ಹೋಗುತ್ತದೆ ಎಂದುಕೊಳ್ಳೋಣ. ಮೂಡಿಗೆರೆಯವರೆಗೆ ಹೆಚ್ಚು ಚಿಂತೆಯಿಲ್ಲ. ಸಿದ್ಧತೆ ಬೇಕಿರುವುದು ಅಲ್ಲಿಂದ ಮುಂದಕ್ಕೆ.

ಗೂಗಲ್ ಮ್ಯಾಪ್ಸ್ ತೆರೆದು ಮೇಲಿನ ಮೂಲೆಯಲ್ಲಿರುವ ನಿಮ್ಮ ಚಿತ್ರವನ್ನು ಒತ್ತಿದರೆ ‘Offline maps’ ಎಂಬ ಸಾಲು ಕಾಣುತ್ತದೆ. ಅದರೊಳಗೆ ‘Select your own map’ ಒತ್ತಿದರೆ ನಕ್ಷೆಯ ಮೇಲೆ ಒಂದು ಚೌಕಟ್ಟು ಬರುತ್ತದೆ. ಚೌಕಟ್ಟನ್ನು ಬೇಕಾದ ಪ್ರದೇಶದ ಮೇಲೆ ಕೂರಿಸಿ ‘Download’ ಒತ್ತಬೇಕು. ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನು ಅದೇ ಪರದೆ ಹೇಳುತ್ತದೆ. ಮನೆಯ ವೈಫೈಯಲ್ಲಿ ಮಾಡುವ ಕೆಲಸ ಇದು, ದಾರಿಬದಿಯ ಹೋಟೆಲಿನಲ್ಲಿ ಕುಳಿತು ಮಾಡುವುದಲ್ಲ.

ಚೌಕಟ್ಟು ಎಷ್ಟು ದೊಡ್ಡದಿರಬೇಕು ಎಂಬಲ್ಲಿಯೇ ಎಡವುವವರು ಹೆಚ್ಚು. ಹೋಗುವ ರಸ್ತೆಯ ಅಕ್ಕಪಕ್ಕಕ್ಕೆ ಮಾತ್ರ ಚೌಕಟ್ಟು ಎಳೆದರೆ ಬಳಸುದಾರಿ ಅದರ ಹೊರಗೆ ಉಳಿದುಬಿಡುತ್ತದೆ. ಆರಂಭದಿಂದ ಕೊನೆಯವರೆಗೆ ಪೂರ್ತಿ ದಾರಿ ಇಳಿಸಿಕೊಂಡ ಪ್ರದೇಶದೊಳಗೆ ಇದ್ದರೆ ಮಾತ್ರ ಆ್ಯಪ್ ಅದನ್ನು ಆಫ್‌ಲೈನಿನಲ್ಲಿ ತೋರಿಸಬಲ್ಲದು. ಈ ಪ್ರವಾಸದಲ್ಲಿ ಕುದುರೆಮುಖದ ರಸ್ತೆ ಮಳೆಗೆ ಮುಚ್ಚಿದರೆ ಕಳಸದಿಂದ ಬಾಳೆಹೊನ್ನೂರಿನ ಮೂಲಕ ಶೃಂಗೇರಿಗೆ ಹೋಗಬೇಕಾಗುತ್ತದೆ. ತಪ್ಪಿ ಘಟ್ಟ ಇಳಿದರೆ ಕಾರ್ಕಳ, ಉಡುಪಿ ಕಡೆಯ ನಕ್ಷೆ ಬೇಕಾಗುತ್ತದೆ. ಆದ್ದರಿಂದ ದಕ್ಷಿಣಕ್ಕೆ ಸಕಲೇಶಪುರ, ಉತ್ತರಕ್ಕೆ ಜೋಗ, ಪಶ್ಚಿಮಕ್ಕೆ ಉಡುಪಿ, ಪೂರ್ವಕ್ಕೆ ಚಿಕ್ಕಮಗಳೂರು, ಶಿವಮೊಗ್ಗ ಒಳಗೆ ಬರುವಂತೆ ಚೌಕಟ್ಟು ಹಾಕುವುದು ಸರಿ. ಒಂದೇ ಚೌಕಟ್ಟಿಗೆ ಹಿಡಿಸದಿದ್ದರೆ ಎರಡು ಮಾಡಿ, ಆದರೆ ಒಂದರ ಅಂಚು ಇನ್ನೊಂದರ ಮೇಲೆ ಸಾಕಷ್ಟು ಹಾದಿರಲಿ.

ಇಳಿಸಿಕೊಂಡ ಮೇಲೆ ಪರೀಕ್ಷೆ ಮಾಡದೆ ನಂಬಬೇಡಿ. ವೈಫೈ, ಮೊಬೈಲ್ ಡೇಟಾ ಎರಡನ್ನೂ ಆಫ್ ಮಾಡಿ. ಹೊರಡುವ ಜಾಗದ ಖಾನೆಯಲ್ಲಿ ಕೊಟ್ಟಿಗೆಹಾರ, ತಲುಪುವ ಜಾಗದಲ್ಲಿ ಸಾಗರ ಎಂದು ಕೊಟ್ಟು ಕಾರಿನ ದಾರಿ ಕೇಳಿ. ಗೆರೆ ಮೂಡಿ, ದೂರ ಮತ್ತು ಸಮಯ ಬಂದರೆ ಮುಖ್ಯ ಕೆಲಸ ಆಯಿತು. ಆಮೇಲೆ ಕೆರೆಕಟ್ಟೆಯಂಥ ಸಣ್ಣ ಊರಿನ ಹೆಸರು ಹುಡುಕಿ. ನಕ್ಷೆಯನ್ನು ಹಿಗ್ಗಿಸಿ, ಅಡ್ಡರಸ್ತೆಗಳು ಸ್ಪಷ್ಟವಾಗಿ ಕಾಣುತ್ತವೆಯೇ ನೋಡಿ. ಮಸುಕಾಗಿ ಕಂಡರೆ ಆ ಭಾಗ ಚೌಕಟ್ಟಿನ ಹೊರಗೆ ಉಳಿದಿದೆ ಎಂದರ್ಥ.

ಊರಿನ ಹೆಸರು ಹುಡುಕುವಾಗ ಇನ್ನೊಂದು ತೊಡಕಿದೆ. ಸರ್ವರ್ ಇದ್ದಾಗ ನಾವು ಹೇಗೆ ಬರೆದರೂ ಆ್ಯಪ್ ಊಹಿಸಿಕೊಳ್ಳುತ್ತದೆ. ಆಫ್‌ಲೈನಿನಲ್ಲಿ ಆ ಜಾಣತನ ಕಡಿಮೆ. ತೀರ್ಥಹಳ್ಳಿಯನ್ನು ಇಂಗ್ಲಿಷಿನಲ್ಲಿ ಒಬ್ಬರು Tirthahalli ಎಂದು ಬರೆದರೆ ಇನ್ನೊಬ್ಬರು Thirthahalli ಎನ್ನುತ್ತಾರೆ. ಹೊಸಹಳ್ಳಿ, ಹೊಸೂರುಗಳಂತೂ ಜಿಲ್ಲೆಗೊಂದಲ್ಲ, ತಾಲ್ಲೂಕಿಗೆ ಎರಡು ಮೂರು. ಹೋಮ್‌ಸ್ಟೇಯೋ ನೆಂಟರ ಮನೆಯೋ ತೋಟದೊಳಗೆ ಇದ್ದರೆ ಹೆಸರು ಹುಡುಕಿ ಪ್ರಯೋಜನವಿಲ್ಲ. ಅಲ್ಲಿಯವರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಲೊಕೇಷನ್ನನ್ನು ಮನೆಯಲ್ಲೇ ತೆರೆದು, ಅಕ್ಷಾಂಶ ರೇಖಾಂಶದ ಎರಡು ಅಂಕಿಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಜೋಗದ ಜಲಪಾತಕ್ಕೆ ಅದು 14.229, 74.812. ಹುಡುಕುವ ಖಾನೆಯಲ್ಲಿ ಇದನ್ನೇ ಬರೆದರೆ ಹೆಸರಿನ ಗೊಂದಲವೇ ಇಲ್ಲ. ಬಿಂದುವಿನ ನಂತರ ಮೂರು ಅಂಕಿ ಇದ್ದರೆ ನೂರು ಮೀಟರಿನ ಆಸುಪಾಸಿಗೆ, ಐದು ಇದ್ದರೆ ಮನೆಯ ಅಂಗಳಕ್ಕೇ ತಲುಪಿಸುತ್ತದೆ.

ಜತೆಗೆ ಇನ್ನೊಂದು ಆ್ಯಪ್

ಗೂಗಲ್ ಮ್ಯಾಪ್ಸ್ ಆಫ್‌ಲೈನಿನಲ್ಲಿ ಗಾಡಿಯ ದಾರಿ ತೋರಿಸುತ್ತದೆ, ನಡಿಗೆಯ ದಾರಿ ತೋರಿಸುವುದಿಲ್ಲ. ಬದಲಿ ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದೂ ಇಲ್ಲ. ಇಳಿಸಿಕೊಂಡ ನಕ್ಷೆಗೆ ಅವಧಿಯೂ ಉಂಟು. ಪಟ್ಟಿಯಲ್ಲಿ ಆ ನಕ್ಷೆಯ ಹೆಸರಿನ ಕೆಳಗೆ ದಿನಾಂಕ ಬರೆದಿರುತ್ತದೆ, ಅದು ಮುಗಿದರೆ ನಕ್ಷೆ ಉಪಯೋಗಕ್ಕೆ ಬಾರದು. ವೈಫೈ ಸಿಕ್ಕಾಗ ಆ್ಯಪ್ ತಾನೇ ನವೀಕರಿಸಲು ನೋಡುತ್ತದೆ. ಆದರೂ ಹೊರಡುವ ಮುನ್ನ ಕೈಯಾರೆ ‘Update’ ಒತ್ತುವುದು ಲೇಸು.

ಈ ಕಾರಣಕ್ಕೆ ಬಹಳ ಸುತ್ತುವವರು ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಸ್‌ಮ್ಯಾಂಡ್‌ನಂಥ ಇನ್ನೊಂದು ಆ್ಯಪನ್ನೂ ಇಟ್ಟುಕೊಳ್ಳುತ್ತಾರೆ. ಇವು ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ನಕ್ಷೆಯನ್ನು ಬಳಸುತ್ತವೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ ಈ ನಕ್ಷೆಯನ್ನು ವಿಕಿಪೀಡಿಯದಂತೆ ಸ್ವಯಂಸೇವಕರೇ ಬರೆದು ತಿದ್ದುತ್ತಾರೆ. ಇಲ್ಲಿ ಚೌಕಟ್ಟು ಎಳೆಯುವ ಕೆಲಸವಿಲ್ಲ. ಪಟ್ಟಿಯಲ್ಲಿ ಭಾರತ, ಅದರಲ್ಲಿ ಕರ್ನಾಟಕ ಎಂದು ಆರಿಸಿ ಇಳಿಸಿಕೊಂಡರೆ ಆಯಿತು. ನಡಿಗೆಯ ದಾರಿ, ಗುಡ್ಡ ಹತ್ತುವ ಕಾಲುಹಾದಿಗಳೂ ಸಿಗುತ್ತವೆ.

ಇದಕ್ಕೂ ಮಿತಿಯಿದೆ. ಸ್ವಯಂಸೇವಕರು ಚೆನ್ನಾಗಿ ಬರೆದ ತಾಲ್ಲೂಕಿನಲ್ಲಿ ಕೆರೆ ಏರಿಯೂ ಸಿಗುತ್ತದೆ, ಯಾರೂ ಬರೆಯದ ಕಡೆ ಊರಿಗೆ ಊರೇ ಇರುವುದಿಲ್ಲ. ಅಂಗಡಿ, ಹೋಟೆಲುಗಳ ವಿವರದಲ್ಲಿ ಗೂಗಲ್ ಮುಂದಿದೆ. ಎರಡೂ ಆ್ಯಪ್‌ಗಳು ಒಂದೇ ದಾರಿ ತೋರಿಸಿದರೆ ಧೈರ್ಯವಾಗಿ ಹೋಗಬಹುದು. ಬೇರೆ ಬೇರೆ ತೋರಿಸಿದರೆ ಮುಂದಿನ ಊರಿನಲ್ಲಿ ಗಾಡಿ ನಿಲ್ಲಿಸಿ ಕೇಳಬೇಕು.

ರಸ್ತೆಯ ಮೇಲೆ

ನೆಟ್‌ವರ್ಕ್ ಪೂರ್ತಿ ಇಲ್ಲದಿರುವುದಕ್ಕಿಂತ ಅರೆಬರೆ ಇರುವುದು ಹೆಚ್ಚು ಕಾಟ ಕೊಡುತ್ತದೆ. ಒಂದು ಗೀಟು ಸಿಗ್ನಲ್ ಇದ್ದರೂ ಆ್ಯಪ್ ಸರ್ವರನ್ನೇ ಕೇಳಲು ಹೊರಡುತ್ತದೆ, ಉತ್ತರ ಬರುವುದಿಲ್ಲ, ಪರದೆಯ ಮೇಲೆ ಚಕ್ರ ಸುತ್ತುತ್ತಿರುತ್ತದೆ. ಜೇಬಿನಲ್ಲಿ ನಕ್ಷೆಯಿದ್ದೂ ತಿರುವಿನಲ್ಲಿ ಕಾಯುವ ಸ್ಥಿತಿ. ಅಂಥ ಕಡೆ ಮೊಬೈಲ್ ಡೇಟಾವನ್ನು ಆಫ್ ಮಾಡಿದರೆ ಆ್ಯಪ್ ನೇರವಾಗಿ ಇಳಿಸಿಕೊಂಡ ನಕ್ಷೆಗೆ ಹೊರಳುತ್ತದೆ. ಕೆಲವರು ಏರೋಪ್ಲೇನ್ ಮೋಡ್ ಹಾಕುತ್ತಾರೆ. ಅದರಲ್ಲೂ ಜಿಪಿಎಸ್ ಕೆಲಸ ಮಾಡುತ್ತದೆ, ಆದರೆ ಕರೆ ಬರುವುದಿಲ್ಲ. ಡೇಟಾ ಮಾತ್ರ ಆಫ್ ಮಾಡಿದರೆ ಸಿಗ್ನಲ್ ಇಣುಕಿದಾಗ ಮನೆಯವರ ಕರೆಯಾದರೂ ಬರುತ್ತದೆ. ಗಾಡಿಯಲ್ಲಿ ಎರಡು ಮೊಬೈಲ್ ಇದ್ದರೆ ಒಂದನ್ನು ದಾರಿಗೆಂದೇ ಏರೋಪ್ಲೇನ್ ಮೋಡಿನಲ್ಲಿಟ್ಟು, ಇನ್ನೊಂದನ್ನು ಕರೆಗೆ ಇಟ್ಟುಕೊಳ್ಳಬಹುದು.

ಇದರಿಂದ ಬ್ಯಾಟರಿಯೂ ಉಳಿಯುತ್ತದೆ. ದೂರದ ಟವರಿಗಾಗಿ ತಡಕಾಡುವ ಮೊಬೈಲ್ ಹೆಚ್ಚು ಶಕ್ತಿ ಖರ್ಚು ಮಾಡುತ್ತದೆ. ಅದರ ಜತೆ ಪರದೆ ಸದಾ ಬೆಳಗುತ್ತಿರುತ್ತದೆ, ಚಾರ್ಜ್ ಆಗುತ್ತಿರುತ್ತದೆ, ಗಾಜಿನ ಹಿಂದೆ ಬಿಸಿಲು ಬೀಳುತ್ತಿರುತ್ತದೆ. ಮೊಬೈಲ್ ಕಾದು ಪರದೆ ಮಂಕಾಗುವುದು, ಚಾರ್ಜ್ ನಿಲ್ಲುವುದು ಇದರಿಂದಲೇ. ಸ್ಟ್ಯಾಂಡನ್ನು ಎಸಿ ಗಾಳಿ ಬೀಸುವ ಕಡೆ ಸಿಕ್ಕಿಸಿದರೆ ಬಿಸಿ ಕಡಿಮೆಯಾಗುತ್ತದೆ.

ಚುಕ್ಕೆಯನ್ನು ಎಷ್ಟು ನಂಬಬಹುದು ಎಂಬುದನ್ನೂ ಪರದೆಯೇ ಹೇಳುತ್ತದೆ. ಬಯಲಿನಲ್ಲಿ ಮೊಬೈಲಿನ ಜಿಪಿಎಸ್ ಸಾಮಾನ್ಯವಾಗಿ ಐದು ಮೀಟರಿನೊಳಗೆ ಸರಿ ಇರುತ್ತದೆ. ಘಟ್ಟದಲ್ಲಿ ಸಂಕೇತ ಗುಡ್ಡಕ್ಕೆ ಬಡಿದು ಸುತ್ತಿ ಬರುವುದರಿಂದ, ಮರಗಳ ನಡುವೆ ಕ್ಷೀಣಿಸುವುದರಿಂದ ತಪ್ಪು ಹೆಚ್ಚುತ್ತದೆ. ಆಗ ಚುಕ್ಕೆಯ ಸುತ್ತ ತಿಳಿನೀಲಿ ವೃತ್ತ ಅಗಲವಾಗುತ್ತದೆ: ನೀವು ಈ ವೃತ್ತದೊಳಗೆ ಎಲ್ಲೋ ಇದ್ದೀರಿ ಎಂಬುದು ಅದರ ಅರ್ಥ. ಆಗುಂಬೆ ಘಾಟಿಯಂಥ 14 ಹೇರ್‌ಪಿನ್ ತಿರುವುಗಳ ರಸ್ತೆಯಲ್ಲಿ ಮೇಲಿನ ಸುತ್ತು, ಕೆಳಗಿನ ಸುತ್ತು ಹತ್ತಿರ ಹತ್ತಿರವೇ ಇರುವುದರಿಂದ ಚುಕ್ಕೆ ಒಂದರಿಂದ ಇನ್ನೊಂದಕ್ಕೆ ಜಿಗಿಯಬಹುದು. ಅಲ್ಲಿ ‘ಯೂ ಟರ್ನ್ ತೆಗೆದುಕೊಳ್ಳಿ’ ಎಂದು ಮೊಬೈಲ್ ಹೇಳಿದರೆ ಕೇಳಬೇಡಿ. ಒಂದೆರಡು ತಿರುವು ಕಳೆದರೆ ಚುಕ್ಕೆ ತಾನೇ ಸರಿಹೋಗುತ್ತದೆ.

ಇನ್ನೊಂದು ಎಚ್ಚರಿಕೆ ಅಡ್ಡದಾರಿಗಳದು. ಮಲೆನಾಡಿನಲ್ಲಿ ಕಾಫಿ ಎಸ್ಟೇಟಿನ ಖಾಸಗಿ ರಸ್ತೆಗಳೂ ನಕ್ಷೆಯಲ್ಲಿ ಗೆರೆಗಳಾಗಿಯೇ ಕಾಣುತ್ತವೆ. ಎಂಟು ಹತ್ತು ಕಿಲೋಮೀಟರ್ ಉಳಿಯುತ್ತದೆಂದು ಆ್ಯಪ್ ಅಂಥ ರಸ್ತೆಗೆ ತಿರುಗಿಸಿದರೆ, ಕೊನೆಯಲ್ಲಿ ಎಸ್ಟೇಟಿನ ಗೇಟು ಸಿಗಬಹುದು. ತಿರುಗುವ ಮುನ್ನ ನೋಡಿ: ರಸ್ತೆಗೆ ಹೆಸರಾಗಲಿ ಸಂಖ್ಯೆಯಾಗಲಿ ಇಲ್ಲ, ನಕ್ಷೆಯಲ್ಲಿ ಗೆರೆ ತೆಳು, ಕಣ್ಣ ಮುಂದೆ ಬಸ್ಸಿನ ಸುಳಿವಿಲ್ಲ ಎಂದಾದರೆ ಬಸ್ಸು ಓಡಾಡುವ ರಸ್ತೆಯಲ್ಲೇ ಮುಂದುವರಿಯಿರಿ.

ಇಳಿಸಿದ ದಿನದ ನಕ್ಷೆ

ಆಫ್‌ಲೈನ್ ನಕ್ಷೆಗೆ ಗೊತ್ತಿರುವುದು ಅದನ್ನು ಇಳಿಸಿಕೊಂಡ ದಿನದ ಸಂಗತಿ. ಇಂದಿನದು ಗೊತ್ತಿಲ್ಲ. ಈ ಪ್ರವಾಸದ ಕೊನೆಯ ಭಾಗವೇ ಇದಕ್ಕೆ ಉದಾಹರಣೆ. ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಿಂದಾಗಿ ದಶಕಗಳ ಕಾಲ ಸಾಗರದ ಕಡೆಯಿಂದ ಸಿಗಂದೂರಿಗೆ ಹೋಗುವವರು ಅಂಬಾರಗೋಡ್ಲುವಿನಲ್ಲಿ ಲಾಂಚಿಗಾಗಿ ಕಾಯಬೇಕಿತ್ತು. ಲಾಂಚ್ ಸಂಜೆಗೆ ನಿಲ್ಲುತ್ತಿತ್ತು. ಅದು ತಪ್ಪಿದರೆ ದೂರದ ಸುತ್ತುದಾರಿಯೇ ಗತಿ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಸೇತುವೆ ಉದ್ಘಾಟನೆಯಾಯಿತು. ಆ ವರ್ಷದ ಮೇ ತಿಂಗಳಲ್ಲಿ ಇಳಿಸಿಕೊಂಡ ನಕ್ಷೆಯನ್ನು ನವೀಕರಿಸದೆ ಆಗಸ್ಟಿನಲ್ಲಿ ಹೊರಟವರಿಗೆ, ಕಣ್ಣೆದುರು ಸೇತುವೆಯಿದ್ದರೂ ಮೊಬೈಲಿನಲ್ಲಿ ನೀರು ಮಾತ್ರ ಕಾಣುತ್ತದೆ. ಇಂಥ ಕಡೆ ರಸ್ತೆಯ ಫಲಕವೇ ಸರಿ, ನಕ್ಷೆ ತಪ್ಪು.

ಹೊಸ ಸೇತುವೆಯಾದರೆ ನಷ್ಟ ಸ್ವಲ್ಪ ಹೊತ್ತಿನದು. ಮಳೆಗಾಲದ ಗುಡ್ಡ ಕುಸಿತ ಹಾಗಲ್ಲ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಸಂಚಾರ ನಿರ್ಬಂಧಿಸಿದರೆ ಆಫ್‌ಲೈನ್ ನಕ್ಷೆಗೆ ಅದರ ಸುಳಿವೇ ಇರುವುದಿಲ್ಲ. ಹೊತ್ತಿನ ನಿಯಮಗಳೂ ಅದಕ್ಕೆ ಗೊತ್ತಿವೆ ಎಂದು ನಂಬುವಂತಿಲ್ಲ. ಬಂಡೀಪುರದ ಮೂಲಕ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳನ್ನು ಬಿಡುವುದಿಲ್ಲ. ಅರಣ್ಯ ತಪಾಸಣಾ ಠಾಣೆಗಳಿರುವ ದಾರಿಗಳಲ್ಲಿ ಅಲ್ಲಿನ ಹೊತ್ತನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ತಲುಪುವ ಸಮಯದ ಅಂದಾಜನ್ನೂ ಹಾಗೆಯೇ ತೆಗೆದುಕೊಳ್ಳಬೇಡಿ. ಆಫ್‌ಲೈನಿನಲ್ಲಿ ಸಂಚಾರ ದಟ್ಟಣೆಯ ಲೆಕ್ಕ ಇರುವುದಿಲ್ಲ, ಮಂಜು, ಮಳೆ, ಗುಂಡಿಗಳ ಲೆಕ್ಕವಂತೂ ಇಲ್ಲವೇ ಇಲ್ಲ. ಘಟ್ಟದ ದಾರಿಯಲ್ಲಿ ಅದು ಹೇಳಿದ ಎರಡು ಗಂಟೆಯನ್ನು ಮೂರು ಎಂದುಕೊಂಡು, ಕತ್ತಲಾಗುವ ಮೊದಲು ಕಾಡು ದಾಟುವಂತೆ ಹೊರಡಿ.

ಗಾಡಿ ಕೆಟ್ಟರೆ ನಕ್ಷೆಯಿಂದ ಇನ್ನೊಂದು ಉಪಯೋಗವಿದೆ. ಚುಕ್ಕೆಯ ಮೇಲೆ ಬೆರಳೊತ್ತಿ ಹಿಡಿದರೆ ನೀವಿರುವ ಜಾಗದ ಅಕ್ಷಾಂಶ ರೇಖಾಂಶ ಸಿಗುತ್ತದೆ. ‘Emergency calls only’ ಎಂದು ಪರದೆಯಲ್ಲಿದ್ದರೆ ಬೇರೆ ಕಂಪನಿಯ ಟವರ್ ಹತ್ತಿರದಲ್ಲಿದೆ ಎಂದರ್ಥ, 112ಕ್ಕೆ ಕರೆ ಮಾಡಿ ನೋಡಿ. ಆ ಅಂಕಿಗಳ ಜತೆ ಹತ್ತಿರದ ಕಿಲೋಮೀಟರ್ ಕಲ್ಲಿನ ವಿವರವನ್ನೂ ಹೇಳಿ. ಕಲ್ಲಿನ ತಲೆ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ. ಸಹಾಯಕ್ಕೆ ಬರುವವರಿಗೆ ಅದು ಬೇಗ ಅರ್ಥವಾಗುತ್ತದೆ.

ಹೊರಡುವ ಹಿಂದಿನ ರಾತ್ರಿ ನಕ್ಷೆಯನ್ನು ನವೀಕರಿಸಿ, ಡೇಟಾ ಆಫ್ ಮಾಡಿ ದಾರಿ ಬರುತ್ತದೆಯೇ ನೋಡಿ, ಮುಖ್ಯ ಊರುಗಳ ಹೆಸರನ್ನು ಕ್ರಮವಾಗಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸಿಗ್ನಲ್ ಇರುವ ಕೊನೆಯ ಪೇಟೆಯಲ್ಲಿ ಚಹಾಕ್ಕೆ ನಿಂತಾಗ ‘ಮುಂದೆ ರಸ್ತೆ ಹೇಗಿದೆ?’ ಎಂದು ಅಂಗಡಿಯವರನ್ನೋ ಎದುರಿನಿಂದ ಬಂದ ಬಸ್ಸಿನ ಡ್ರೈವರನ್ನೋ ಕೇಳಿ. ಬೆಳಿಗ್ಗೆ ಉರುಳಿದ ಮರದ ಸುದ್ದಿ ಅವರಿಗೆ ಗೊತ್ತಿರುತ್ತದೆ, ನಿಮ್ಮ ಮೊಬೈಲಿಗೆ ಗೊತ್ತಿರುವುದಿಲ್ಲ.